ಬರ್ನ್‌ಔಟ್‌ಗೆ ಮೂರು ಮುಖ, ಸುಸ್ತು ಅದರಲ್ಲಿ ಒಂದು ಮಾತ್ರ

ಬರ್ನ್‌ಔಟ್ ಅನ್ನೋ ಮಾತು ಈಗ ಔಟರ್ ರಿಂಗ್ ರೋಡಿನ ಆಫೀಸುಗಳಲ್ಲೂ ಕೇಳುತ್ತದೆ, ವಿಜಯನಗರದ ಪಿಜಿಗಳಲ್ಲಿ ಕೂತು ಓದುವ ಮಕ್ಕಳ ಬಾಯಲ್ಲೂ ಕೇಳುತ್ತದೆ. ಎರಡು ರಾತ್ರಿ ನಿದ್ದೆಗೆಟ್ಟವರು ಹಾಗನ್ನುತ್ತಾರೆ. ಎರಡು ವರ್ಷದಿಂದ ಕೆಲಸದ ಹೆಸರೆತ್ತಿದರೆ ಮುಖ ಸಿಂಡರಿಸುವವರೂ ಹಾಗೇ ಅನ್ನುತ್ತಾರೆ. ಇಬ್ಬರಿಗೂ ಮನೆಯವರು, ಮ್ಯಾನೇಜರ್, ಗೆಳೆಯರು ಕೊಡುವ ಸಲಹೆ ಒಂದೇ: ನಾಲ್ಕು ದಿನ ರಜಾ ಹಾಕು, ಎಲ್ಲಾದರೂ ಹೋಗಿ ಬಾ. ಮೊದಲನೆಯವರಿಗೆ ಅದು ಕೆಲಸ ಮಾಡುತ್ತದೆ. ಎರಡನೆಯವರು ಸಕಲೇಶಪುರಕ್ಕೆ ಹೋಗಿ ಬಂದು, ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದ ಹತ್ತು ನಿಮಿಷಕ್ಕೆ ಹಳೇ ಸ್ಥಿತಿಗೆ ಬಂದಿರುತ್ತಾರೆ.

ಯಾಕೆ ಹೀಗೆ ಅಂತ ಗೊತ್ತಾಗಬೇಕಾದರೆ, ಬರ್ನ್‌ಔಟನ್ನು ಅಳೆಯುವವರು ಅದನ್ನು ಹೇಗೆ ಅಳೆಯುತ್ತಾರೆ ಅಂತ ನೋಡಬೇಕು. ಅವರು ಒಂದು ಅಂಕ ಕೊಡುವುದಿಲ್ಲ, ಮೂರು ಕೊಡುತ್ತಾರೆ. ಆ ಮೂರನ್ನು ಕೂಡಿಸುವುದೂ ಇಲ್ಲ.

ಈ ಮಾತು ಮನೋವಿಜ್ಞಾನದ ಬರಹಗಳಿಗೆ ಬಂದದ್ದು 1974ರಲ್ಲಿ. ನ್ಯೂಯಾರ್ಕಿನ ಒಂದು ಉಚಿತ ಕ್ಲಿನಿಕ್ಕಿನಲ್ಲಿ ದುಡಿಯುತ್ತಿದ್ದ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್, ತಾವೂ ತಮ್ಮ ಜೊತೆಯ ಸ್ವಯಂಸೇವಕರೂ ತಿಂಗಳುಗಟ್ಟಲೆ ದುಡಿದು ಹೇಗೆ ಬರಿದಾಗುತ್ತಿದ್ದೇವೆ ಅಂತ ಬರೆದರು. ಅದನ್ನು ಅಳತೆಗೆ ತಂದವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಕ್ರಿಸ್ಟಿನಾ ಮ್ಯಾಸ್ಲಾಕ್. 1981ರಲ್ಲಿ ಸೂಸನ್ ಜಾಕ್ಸನ್ ಜೊತೆ ಅವರು ಪ್ರಕಟಿಸಿದ ಪ್ರಶ್ನಾವಳಿಯೇ ಇಂದಿಗೂ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಬಳಕೆಯಲ್ಲಿದೆ. ಮೊದಲ ರೂಪ ನರ್ಸ್, ಶಿಕ್ಷಕರು, ಸಮಾಜ ಕಾರ್ಯಕರ್ತರಂಥ ಜನರ ಜೊತೆ ನೇರ ವ್ಯವಹರಿಸುವವರಿಗಾಗಿ ಇತ್ತು. 1996ರಲ್ಲಿ ಎಲ್ಲಾ ಕೆಲಸಗಾರರಿಗೂ ಹೊಂದುವ ರೂಪ ಬಂತು. 2002ರಲ್ಲಿ ವಿಲ್ಮರ್ ಶೌಫೆಲಿ ಮತ್ತು ಜೊತೆಗಾರರು ಸ್ಪೇನ್, ಪೋರ್ಚುಗಲ್, ನೆದರ್ಲೆಂಡ್ಸ್‌ನ ವಿದ್ಯಾರ್ಥಿಗಳ ಮೇಲೆ ಅಧ್ಯಯನ ಮಾಡಿ ವಿದ್ಯಾರ್ಥಿ ರೂಪವನ್ನು ಪರೀಕ್ಷಿಸಿದರು.

ಮೂರು ಅಂಕಗಳು ಇವು. ಮೊದಲನೆಯದು ಬಳಲಿಕೆ: ಕೆಲಸ ನನ್ನನ್ನು ಹಿಂಡಿ ಹಾಕಿದೆ, ಬೆಳಿಗ್ಗೆ ಎದ್ದರೆ ಮತ್ತೆ ಒಂದು ದಿನ ಎದುರಿಸೋ ಶಕ್ತಿ ಇಲ್ಲ ಅನ್ನೋ ಸ್ಥಿತಿ. ಎರಡನೆಯದು ಸಿನಿಕತನ: ಈ ಕೆಲಸದಿಂದ ಯಾರಿಗೇನು ಉಪಯೋಗ, ನನಗೇನು ಆಗಬೇಕು ಅಂತ ಮನಸ್ಸು ದೂರ ಸರಿಯುವುದು. ಮೂರನೆಯದು ಸಾಮರ್ಥ್ಯದ ಭಾವ ಕುಗ್ಗುವುದು: ಏನು ಮಾಡಿದರೂ ನನ್ನಿಂದ ಆಗುತ್ತಿಲ್ಲ, ಮಾಡಿದ್ದಕ್ಕೂ ಬೆಲೆಯಿಲ್ಲ ಅನಿಸುವುದು. ನೌಕರರ ರೂಪದಲ್ಲಿ 16 ಪ್ರಶ್ನೆ: ಬಳಲಿಕೆಗೆ 5, ಸಿನಿಕತನಕ್ಕೆ 5, ಸಾಮರ್ಥ್ಯಕ್ಕೆ 6. ವಿದ್ಯಾರ್ಥಿ ರೂಪದಲ್ಲಿ 15.

ಪ್ರತಿ ಪ್ರಶ್ನೆಗೆ ಉತ್ತರ ಹೌದು, ಇಲ್ಲ ಅಂತ ಇರುವುದಿಲ್ಲ. 'ಎಷ್ಟು ಸಲ' ಅಂತ ಇರುತ್ತದೆ. 0 ಅಂದರೆ ಯಾವತ್ತೂ ಇಲ್ಲ, 6 ಅಂದರೆ ಪ್ರತಿದಿನ. ನಡುವೆ ವರ್ಷಕ್ಕೆ ಕೆಲವು ಸಲ, ತಿಂಗಳಿಗೊಮ್ಮೆ, ತಿಂಗಳಲ್ಲಿ ಕೆಲವು ಸಲ, ವಾರಕ್ಕೊಮ್ಮೆ, ವಾರದಲ್ಲಿ ಕೆಲವು ಸಲ ಅನ್ನುವ ಮೆಟ್ಟಿಲುಗಳಿವೆ. ಇದು ಸಣ್ಣ ವಿಷಯ ಅನಿಸಬಹುದು, ಆದರೆ ತುಂಬಾ ಜಾಣತನದ ಆಯ್ಕೆ. ಕೆಟ್ಟ ದಿನ ಎಲ್ಲರಿಗೂ ಇರುತ್ತದೆ. ಆ ಭಾವನೆ ಎಷ್ಟು ಬೇಗ ಬೇಗ ಮರಳಿ ಬರುತ್ತಿದೆ ಅನ್ನೋದೇ ಇಲ್ಲಿ ಮುಖ್ಯ.

ಒಂದೇ ಟೀಮ್, ಒಂದೇ ಸುಸ್ತು, ಎರಡು ಚಿತ್ರ

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಇಲ್ಲಿ ಬರುವವರು ನಿಜವಾದ ವ್ಯಕ್ತಿಗಳಲ್ಲ, ವಿವರಿಸಲು ಮಾಡಿಕೊಂಡವರು. ಅಂಕಗಳೂ ಹಾಗೆಯೇ. ಆದರೆ ಇಂಥವರನ್ನು ನೀವು ನೋಡಿರುತ್ತೀರಿ.

ಮಾರತ್‌ಹಳ್ಳಿ ಕಡೆಯ ಒಂದು ಕಂಪನಿ. ಹಣ ವರ್ಗಾವಣೆಯ ಸಾಫ್ಟ್‌ವೇರ್ ನೋಡಿಕೊಳ್ಳುವ ಟೀಮಿನಲ್ಲಿ ಇಬ್ಬರು ಎಂಜಿನಿಯರುಗಳು. ಒಬ್ಬ 27ರ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷ. ಇನ್ನೊಬ್ಬಳು 33ರ ಹೆಂಗಸು, ಅದೇ ಟೀಮಿನಲ್ಲಿ ಐದು ವರ್ಷ. ಮೂರು ವಾರಕ್ಕೊಮ್ಮೆ ಇಬ್ಬರಿಗೂ ಆನ್‌ಕಾಲ್ ಡ್ಯೂಟಿ. ಆ ವಾರ ಪೂರ್ತಿ ರಾತ್ರಿ ಎಷ್ಟೊತ್ತಿಗಾದರೂ ಫೋನ್ ಕೂಗಬಹುದು. ಕೂಗುವ ಅಲರ್ಟುಗಳಲ್ಲಿ ಹೆಚ್ಚಿನವು ಸುಳ್ಳು ಅಲರ್ಟುಗಳು, ಎದ್ದು ನೋಡಿದರೆ ಏನೂ ಆಗಿರುವುದಿಲ್ಲ. ಆದರೆ ಎದ್ದು ನೋಡಲೇಬೇಕು. ಬೆಳಿಗ್ಗೆ ಹತ್ತಕ್ಕೆ ಸ್ಟ್ಯಾಂಡಪ್ ಮೀಟಿಂಗ್ ತಪ್ಪಿದ್ದಲ್ಲ. ಇಬ್ಬರೂ ಮ್ಯಾನೇಜರ್ ಹತ್ತಿರ ಒಂದೇ ಮಾತು ಹೇಳಿದ್ದಾರೆ: "ಸರ್, ಬರ್ನ್‌ಔಟ್ ಆಗ್ತಿದೆ."

ಹುಡುಗನ ಉತ್ತರಗಳು ಹೀಗಿವೆ ಅಂದುಕೊಳ್ಳಿ. ಬಳಲಿಕೆಯ ಐದು ಪ್ರಶ್ನೆಗೆ 6, 5, 5, 4, 5. ಕೂಡಿಸಿದರೆ 25, ಸರಾಸರಿ 5. ಅಂದರೆ ವಾರದಲ್ಲಿ ಕೆಲವು ಸಲ ಪೂರ್ತಿ ಬರಿದಾದ ಹಾಗೆ ಅನಿಸುತ್ತದೆ. ಸಿನಿಕತನದ ಐದಕ್ಕೆ 1, 0, 1, 1, 2. ಸರಾಸರಿ 1, ಅಂದರೆ ವರ್ಷಕ್ಕೆ ಕೆಲವು ಸಲ ಮಾತ್ರ. ಸಾಮರ್ಥ್ಯದ ಆರಕ್ಕೆ 5, 5, 4, 5, 6, 5. ಸರಾಸರಿ 5. ಇಲ್ಲಿ ಅಂಕ ಜಾಸ್ತಿ ಇದ್ದರೆ ಒಳ್ಳೆಯದು ಅಂತ ನೆನಪಿರಲಿ. ಹುಡುಗನಿಗೆ ಕೆಲಸ ಇಷ್ಟ. ರಾತ್ರಿ ಎರಡಕ್ಕೆ ಎದ್ದು ಸಮಸ್ಯೆ ಹುಡುಕಿ ಸರಿ ಮಾಡಿದರೆ ಒಳಗೊಳಗೇ ಖುಷಿ ಪಡುತ್ತಾನೆ. ಮೈ ಮಾತ್ರ ಸೋತಿದೆ.

ಅವಳ ಉತ್ತರಗಳು: ಬಳಲಿಕೆ 5, 5, 4, 5, 5, ಸರಾಸರಿ 4.8. ಹುಡುಗನಿಗಿಂತ ಚೂರು ಕಡಿಮೆಯೇ. ಸಿನಿಕತನ 5, 4, 5, 5, 4, ಸರಾಸರಿ 4.6. ಸಾಮರ್ಥ್ಯ 2, 3, 2, 1, 2, 2, ಸರಾಸರಿ 2. ಐದು ವರ್ಷದ ಅನುಭವದ, ಟೀಮಿನಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿರುವವಳಿಗೆ, ತಾನು ಉಪಯೋಗಕ್ಕೆ ಬರುವ ಕೆಲಸ ಮಾಡುತ್ತಿದ್ದೇನೆ ಅನಿಸುವುದು ತಿಂಗಳಿಗೊಮ್ಮೆ ಮಾತ್ರ!

ಸುಸ್ತನ್ನು ಮಾತ್ರ ಕೇಳುವ ಮ್ಯಾನೇಜರಿಗೆ ಇಬ್ಬರೂ ಒಂದೇ. ಹುಡುಗನ ಸ್ಥಿತಿ ಇನ್ನೂ ಸ್ವಲ್ಪ ಕೆಟ್ಟದ್ದು ಅಂತಲೇ ಅನಿಸಬಹುದು. ಮೂರೂ ಅಂಕ ಪಕ್ಕಪಕ್ಕ ಇಟ್ಟರೆ ಇವನದು ಅತಿಭಾರ, ಅವಳದು ಬರ್ನ್‌ಔಟ್. 2016ರಲ್ಲಿ ಮೈಕಲ್ ಲೈಟರ್ ಮತ್ತು ಮ್ಯಾಸ್ಲಾಕ್ ಇದೇ ಮಾತನ್ನು ಒತ್ತಿ ಹೇಳಿದರು. ಜನರ ಉತ್ತರಗಳನ್ನು ಗುಂಪು ಮಾಡಿ ನೋಡಿದಾಗ ಐದು ಬಗೆ ಸಿಕ್ಕವು: ಮೂರೂ ಕೆಟ್ಟಿರುವವರು, ಬಳಲಿಕೆ ಮಾತ್ರ ಇರುವವರು, ಸಿನಿಕತನ ಮಾತ್ರ ಇರುವವರು, ಸಾಮರ್ಥ್ಯದ ಭಾವ ಮಾತ್ರ ಕುಗ್ಗಿರುವವರು, ಮೂರೂ ಚೆನ್ನಾಗಿರುವವರು. ಬಳಲಿಕೆಯೊಂದನ್ನೇ ಅಳೆದು ಬರ್ನ್‌ಔಟ್ ಅನ್ನಬೇಡಿ ಅನ್ನೋದು ಅವರ ವಾದ. ಇನ್ನೊಂದು ವಿಷಯವೂ ಕಂಡಿತು. ಸಿನಿಕತನ ಮಾತ್ರ ಇದ್ದವರು ತಮ್ಮ ಕೆಲಸದ ಜಾಗವನ್ನು ನೋಡುವ ರೀತಿ, ಸುಸ್ತು ಮಾತ್ರ ಇದ್ದವರಿಗಿಂತ ಪೂರ್ಣ ಬರ್ನ್‌ಔಟ್ ಆದವರಿಗೆ ಹತ್ತಿರವಾಗಿತ್ತು.

ಇಂಟರ್‌ನೆಟ್ಟಿನಲ್ಲಿ ಸಿಗುವ 'ನಿಮಗೆ ಬರ್ನ್‌ಔಟ್ ಆಗಿದೆಯಾ' ಕ್ವಿಜ್‌ಗಳ ಮೇಲೆ ನನಗೆ ನಂಬಿಕೆ ಇಲ್ಲದಿರುವುದು ಇದಕ್ಕೇ. ಎಲ್ಲಾ ಉತ್ತರ ಕೂಡಿಸಿ ನೂರಕ್ಕೆ ಇಷ್ಟು ಅಂತ ಕೊಡುತ್ತವೆ. ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಮೂರನ್ನೂ ಕೂಡಿಸಿ ಸರಾಸರಿ ತೆಗೆದು ಔಷಧಿ ಬರೆದ ಹಾಗೆ ಅದು. ಇಷ್ಟು ಅಂಕ ದಾಟಿದರೆ ಬರ್ನ್‌ಔಟ್ ಅನ್ನುವ ಗೆರೆಯೂ ಮೂಲ ಪ್ರಶ್ನಾವಳಿಯಲ್ಲಿ ಈಗ ಇಲ್ಲ. ಹಿಂದೆ ಮೇಲಿನ ಮೂರನೇ ಒಂದು ಭಾಗವನ್ನು 'ಹೆಚ್ಚು' ಅನ್ನುತ್ತಿದ್ದರು. ಅದಕ್ಕೆ ವೈದ್ಯಕೀಯ ಆಧಾರ ಇಲ್ಲ ಅಂತ ಕೈಬಿಟ್ಟರು.

ಸಿನಿಕತನ ಎಲ್ಲಿಂದ ಬರುತ್ತದೆ

ಮೂರರಲ್ಲಿ ಜನ ಅತಿ ತಪ್ಪಾಗಿ ಓದುವುದು ಇದನ್ನೇ. ಸುಸ್ತಾದವರ ಮೇಲೆ ಕನಿಕರ ಬರುತ್ತದೆ, ಸಿನಿಕರ ಮೇಲೆ ಸಿಟ್ಟು ಬರುತ್ತದೆ. 'ಆಟಿಟ್ಯೂಡ್ ಸರಿಯಿಲ್ಲ' ಅಂತ ಅಪ್ರೈಸಲ್‌ನಲ್ಲಿ ಬರೆದುಬಿಡುತ್ತಾರೆ. ಆದರೆ ಹುಟ್ಟು ಗುಣದಂತೆ ಕಾಣುವ ಈ ಸಿನಿಕತನ ಬಹಳ ಸಲ ಒಂದು ರಕ್ಷಣೆ.

ಮೇಲಿನ ಎಂಜಿನಿಯರಮ್ಮನನ್ನೇ ನೋಡಿ. ಮೊದಲ ಎರಡು ವರ್ಷ ಅವಳೂ ಆ ಹುಡುಗನ ಹಾಗೇ ಇದ್ದಳು. ಪ್ರತಿ ದೊಡ್ಡ ತೊಂದರೆ ಆದಮೇಲೆ ಯಾಕಾಯಿತು, ಮತ್ತೆ ಆಗದಿರಲು ಏನು ಮಾಡಬೇಕು ಅಂತ ವರದಿ ಬರೆಯುತ್ತಿದ್ದಳು. ಸುಳ್ಳು ಅಲರ್ಟುಗಳನ್ನು ತೆಗೆಯಲು ಎರಡು ವಾರ ಸಮಯ ಕೊಡಿ ಅಂತ ಆ ವರದಿಗಳಲ್ಲಿ ಮತ್ತೆ ಮತ್ತೆ ಕೇಳಿದ್ದಳು. "ಈ ಕ್ವಾರ್ಟರ್ ಆಗಲ್ಲ, ಮುಂದಿನ ಕ್ವಾರ್ಟರ್ ನೋಡೋಣ" ಅನ್ನೋದೇ ಉತ್ತರ. ಮೂರನೇ ವರ್ಷ ಹೊಸ ಫೀಚರ್ ಬರೆದವರಿಗೆ ಬಡ್ತಿ ಬಂತು, ಹಳೇ ಸಿಸ್ಟಮ್ ಬೀಳದಂತೆ ನೋಡಿಕೊಂಡವಳಿಗೆ ಬರಲಿಲ್ಲ. ಬೀಳದ ಸಿಸ್ಟಮ್ ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ವಾ?

ಆಮೇಲೆ ನಿಧಾನವಾಗಿ ಬದಲಾವಣೆ ಶುರುವಾಯಿತು. ವರದಿ ಉದ್ದ ಕಡಿಮೆಯಾಯಿತು. ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಆಯಿತು. ಮೊದಲು "ಗ್ರಾಹಕರ ದುಡ್ಡು ಸಿಕ್ಕಿಕೊಂಡಿದೆ" ಅನ್ನುತ್ತಿದ್ದವಳು ಈಗ "ಟಿಕೆಟ್ ಬಂದಿದೆ" ಅನ್ನುತ್ತಾಳೆ. ಹೊಸಬರು ಏನಾದರೂ ಸುಧಾರಣೆ ಹೇಳಿದರೆ "ಮಾಡು ಮಾಡು, ಆಮೇಲೆ ನಿನಗೇ ಗೊತ್ತಾಗುತ್ತೆ" ಅಂತ ನಗುತ್ತಾಳೆ. ಹೃದಯ ಕೊಟ್ಟಷ್ಟೂ ನೋವಾಗುವ ಜಾಗದಿಂದ ಹೃದಯವನ್ನು ಹಿಂದಕ್ಕೆ ಎಳೆದುಕೊಂಡಿದ್ದಾಳೆ. ಅಷ್ಟರ ಮಟ್ಟಿಗೆ ಆ ಉಪಾಯ ಫಲಿಸುತ್ತದೆ, ನೋವು ಕಡಿಮೆಯಾಗುತ್ತದೆ.

ತೊಂದರೆ ಏನೆಂದರೆ, ಕೆಲಸದಿಂದ ಬರುತ್ತಿದ್ದ ಖುಷಿಯೂ ಅದೇ ಬಾಗಿಲಿನಿಂದ ಬರುತ್ತಿತ್ತು. ಸಿಕ್ಕಿಕೊಂಡ ದುಡ್ಡು ಗ್ರಾಹಕರಿಗೆ ಮರಳಿದಾಗ ಆಗುತ್ತಿದ್ದ ಸಮಾಧಾನ ಟಿಕೆಟ್ ಕ್ಲೋಸ್ ಆದಾಗ ಆಗುವುದಿಲ್ಲ. ಹಾಗಾಗಿ 'ನಾನು ಉಪಯೋಗದ ಕೆಲಸ ಮಾಡುತ್ತಿದ್ದೇನೆ' ಅನ್ನುವ ಮೂರನೇ ಅಂಕವೂ ಇಳಿಯುತ್ತದೆ. ಬಳಲಿಕೆ ಹೆಚ್ಚಾದಾಗ ಮುಂದೆ ಸಿನಿಕತನ ಹೆಚ್ಚಾಗುವ ಕ್ರಮಕ್ಕೆ ಅಧ್ಯಯನಗಳ ಬೆಂಬಲ ಸಾಕಷ್ಟಿದೆ. ಸಾಮರ್ಥ್ಯದ ಭಾವ ಮಾತ್ರ ಸ್ವಲ್ಪ ಬೇರೆ ದಾರಿಯಲ್ಲಿ ಇಳಿಯುತ್ತದೆ. ಬೇಕಾದ ಸಾಧನ ಇಲ್ಲದಿರುವುದು, ಮಾಡಿದ್ದು ಸರಿಯೋ ತಪ್ಪೋ ಅಂತ ಯಾರೂ ಹೇಳದಿರುವುದು, ಇಂಥವು ಅದನ್ನು ನೇರವಾಗಿ ಕುಗ್ಗಿಸುತ್ತವೆ.

ಇವಳ ಕತೆಯಲ್ಲಿ ಭಾರಕ್ಕಿಂತ ದೊಡ್ಡ ಪಾತ್ರ ಅನ್ಯಾಯದ್ದು. ಮ್ಯಾಸ್ಲಾಕ್ ಮತ್ತು ಲೈಟರ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸರಿಯಾಗಿ ಹೊಂದುತ್ತದೆ. ಒಂದು ವಿಶ್ವವಿದ್ಯಾಲಯದ ಆಡಳಿತ ವಿಭಾಗದ ನೌಕರರನ್ನು ಅವರು ಒಂದು ವರ್ಷದ ಅಂತರದಲ್ಲಿ ಎರಡು ಸಲ ಅಳೆದರು. ಮೊದಲ ಸಲ ಕೆಲವರಲ್ಲಿ ಬಳಲಿಕೆ, ಸಿನಿಕತನ ಎರಡರಲ್ಲಿ ಒಂದು ಮಾತ್ರ ಕೆಟ್ಟಿತ್ತು. ಅಂಥವರು ಮುಂದಿನ ವರ್ಷದ ಹೊತ್ತಿಗೆ ಯಾವುದೋ ಒಂದು ಕಡೆ ವಾಲುವ ಸಾಧ್ಯತೆ ಜಾಸ್ತಿ ಇತ್ತು. ಯಾವ ಕಡೆ ಅನ್ನೋದನ್ನು ಗುರುತಿಸಿದ್ದು ಅವರ ಜಾಗದಲ್ಲಿ ನ್ಯಾಯ ಇದೆಯೋ ಇಲ್ಲವೋ ಅನ್ನುವ ಅನಿಸಿಕೆ. ಅನ್ಯಾಯ ಕಂಡವರು ಬರ್ನ್‌ಔಟ್ ಕಡೆ ಹೋದರು. ಅದು ಕಾಣದವರು ಚೇತರಿಸಿಕೊಂಡರು. ನಮ್ಮ ಹುಡುಗ ಈಗ ಇರುವುದು ಅದೇ ಕವಲಿನಲ್ಲಿ.

ರೋಸ್ಟರ್ ಸರಿ ಮಾಡಿದರೆ ಏನಾಗುತ್ತದೆ

ಈಗ ಮ್ಯಾನೇಜರ್ ಏನೋ ಮಾಡಬೇಕು ಅಂತ ಹೊರಟರು ಅಂದುಕೊಳ್ಳಿ. ಕಂಪನಿಗಳು ಸಾಮಾನ್ಯವಾಗಿ ಮೊದಲು ಮಾಡುವುದು ಶುಕ್ರವಾರ ಸಂಜೆ ಒಂದು ಗಂಟೆಯ ಯೋಗ, ಧ್ಯಾನದ ಸೆಷನ್. ಆ ಶುಕ್ರವಾರ ಆನ್‌ಕಾಲ್ ಇದ್ದವರು ಫೋನ್ ಸೈಲೆಂಟ್ ಮಾಡಲಾಗದೆ ಶವಾಸನ ಹಾಕುತ್ತಾರೆ. ಅದನ್ನು ಬಿಡೋಣ.

ಎರಡನೇ ಉಪಾಯ ರಜೆ. 1997ರಲ್ಲಿ ಮೀನಾ ವೆಸ್ಟ್‌ಮನ್ ಮತ್ತು ಡೋವ್ ಈಡನ್ ಒಂದು ಸಂಸ್ಥೆಯ ನೌಕರರನ್ನು ರಜೆಗೆ ಮುಂಚೆ, ರಜೆಯ ನಡುವೆ, ಮತ್ತು ಆಮೇಲೆ ಎರಡು ಸಲ ಅಳೆದು ನೋಡಿದರು. ರಜೆಯಲ್ಲಿ ಬರ್ನ್‌ಔಟ್ ಅಂಕ ಇಳಿಯಿತು. ಕೆಲಸಕ್ಕೆ ಮರಳಿದ ಮೂರನೇ ದಿನಕ್ಕೆ ಸ್ವಲ್ಪ ಏರಿತು, ಮೂರನೇ ವಾರಕ್ಕೆ ಮೊದಲು ಎಲ್ಲಿತ್ತೋ ಅಲ್ಲಿಗೇ ಬಂತು. ರಜೆ ಬೇಡ ಅಂತ ಇದರರ್ಥ ಅಲ್ಲ. ರಜೆ ಬಳಲಿಕೆಯನ್ನು ಇಳಿಸುತ್ತದೆ, ಬಳಲಿಕೆ ತುಂಬುವ ನಲ್ಲಿಯನ್ನು ಮುಚ್ಚುವುದಿಲ್ಲ.

ಮೂರನೆಯದು ನಿಜವಾದ ಬದಲಾವಣೆ. ಆನ್‌ಕಾಲ್ ಸರದಿಗೆ ಇನ್ನೂ ಮೂವರನ್ನು ಸೇರಿಸಿ ಮೂರು ವಾರಕ್ಕೊಮ್ಮೆ ಇದ್ದದ್ದನ್ನು ಆರು ವಾರಕ್ಕೊಮ್ಮೆ ಮಾಡಿದರು. ರಾತ್ರಿ ಎದ್ದವರಿಗೆ ಮಾರನೇ ದಿನ ಕಾಂಪ್ ಆಫ್ ಕೊಟ್ಟರು. ಮೂರು ತಿಂಗಳ ನಂತರ ಹುಡುಗ ಬಹುತೇಕ ಸರಿಹೋಗಿರುತ್ತಾನೆ. ಅವನ ಸಮಸ್ಯೆ ಭಾರ ಮತ್ತು ಚೇತರಿಕೆಯದ್ದು, ಅದು ಬದಲಾಯಿತು.

ಅವಳ ಬಳಲಿಕೆಯೂ ಇಳಿಯುತ್ತದೆ. ಸಿನಿಕತನ ಅಲ್ಲೇ ಇರುತ್ತದೆ. ಈಗ ಅವಳು ಚೆನ್ನಾಗಿ ನಿದ್ದೆ ಮಾಡಿ ಬಂದ ಸಿನಿಕಳು. ಮ್ಯಾನೇಜರಿಗೆ "ಇಷ್ಟೆಲ್ಲಾ ಮಾಡಿದರೂ ಇವರಿಗೆ ಸಮಾಧಾನ ಇಲ್ಲ" ಅನಿಸುತ್ತದೆ. ಅವಳಿಗೆ ಬೇಕಿದ್ದದ್ದು ಬೇರೆ. ಸುಳ್ಳು ಅಲರ್ಟು ತೆಗೆಯಲು ಕೇಳಿದ್ದ ಎರಡು ವಾರ, ಅದನ್ನು ತೀರ್ಮಾನಿಸುವ ಅಧಿಕಾರ, ಸಿಸ್ಟಮ್ ಬೀಳದಂತೆ ನೋಡಿಕೊಂಡದ್ದೂ ಅಪ್ರೈಸಲ್‌ನಲ್ಲಿ ಲೆಕ್ಕಕ್ಕೆ ಬರುವ ಏರ್ಪಾಡು.

2001ರಲ್ಲಿ ಎವಾಂಜೆಲಿಯಾ ಡೆಮೆರೌಟಿ ಮತ್ತು ಜೊತೆಗಾರರು ಕೊಟ್ಟ ಮಾದರಿ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಕೆಲಸ ಕೇಳುವ ಶ್ರಮ ಹೆಚ್ಚಾದರೆ ಬಳಲಿಕೆ ಬರುತ್ತದೆ. ಕೆಲಸ ಮಾಡಲು ಬೇಕಾದ ಬೆಂಬಲ, ಸ್ವಾತಂತ್ರ್ಯ, ಪ್ರತಿಫಲ ಕಡಿಮೆಯಾದರೆ ಮನಸ್ಸು ಕೆಲಸದಿಂದ ದೂರ ಸರಿಯುತ್ತದೆ. ಎರಡಕ್ಕೂ ಬೇರು ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಪೂರ್ತಿ ತಾಗುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಸಿನಿಕತನದ ಪ್ರಶ್ನೆಗಳಲ್ಲಿ ಒಂದು, ನನ್ನ ಪಾಡಿಗೆ ನನ್ನನ್ನು ಕೆಲಸ ಮಾಡಲು ಬಿಟ್ಟರೆ ಸಾಕು ಅನ್ನುವ ಅರ್ಥದ್ದು. ಬೇಸತ್ತವರೂ ಇದಕ್ಕೆ ಹೌದು ಅನ್ನುತ್ತಾರೆ. ಕೆಲಸದಲ್ಲಿ ಮುಳುಗಿಹೋದವರೂ ಹೌದು ಅನ್ನುತ್ತಾರೆ. ಅದಕ್ಕೇ ಹಲವು ಸಂಶೋಧಕರು ಆ ಪ್ರಶ್ನೆಯನ್ನು ಬಿಟ್ಟೇ ಲೆಕ್ಕ ಹಾಕುತ್ತಾರೆ. ಮೀಟಿಂಗ್ ಬೇಡ ಅನ್ನುವ ಎಲ್ಲರೂ ಸಿನಿಕರಲ್ಲ.

ವಿದ್ಯಾರ್ಥಿಗಳಲ್ಲಿ ಲೆಕ್ಕ ಸ್ವಲ್ಪ ಬೇರೆ

ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳನ್ನು ವರ್ಗೀಕರಿಸುವ ಐಸಿಡಿ-11 ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದು ಬರ್ನ್‌ಔಟನ್ನು ಇದೇ ಮೂರು ಲಕ್ಷಣಗಳಿಂದ ವಿವರಿಸುತ್ತದೆ. ಅದು ಕಾಯಿಲೆ ಅಲ್ಲ, ಕೆಲಸದ ಜಾಗಕ್ಕೆ ಸಂಬಂಧಿಸಿದ ಸ್ಥಿತಿ ಅನ್ನುತ್ತದೆ. ಬದುಕಿನ ಬೇರೆ ಕಡೆಗೆ ಈ ಮಾತು ಬಳಸಬೇಡಿ ಅಂತಲೂ ಹೇಳುತ್ತದೆ. ಹಾಗಾದರೆ ವಿದ್ಯಾರ್ಥಿಗಳು? ಪಟ್ಟಿಯ ಪ್ರಕಾರ ಅವರು ಹೊರಗೆ. ಆದರೆ ಕ್ಲಾಸು, ಇಂಟರ್ನಲ್ಸ್, ಅಸೈನ್‌ಮೆಂಟ್, ಅಟೆಂಡೆನ್ಸ್ ಎಲ್ಲವೂ ಮೇಲಿನವರು ಗೊತ್ತುಮಾಡಿದ, ಗಡುವು ಇರುವ, ಅಳತೆಗೆ ಒಳಪಡುವ ದುಡಿಮೆಯೇ. ಅದಕ್ಕೇ ಸಂಶೋಧಕರು ವಿದ್ಯಾರ್ಥಿಗಳನ್ನು ಬಿಟ್ಟುಕೊಡಲಿಲ್ಲ. ನನಗೂ ಅದೇ ಸರಿ ಅನಿಸುತ್ತದೆ.

ವ್ಯತ್ಯಾಸ ಇರುವುದು ಮೂರು ಅಂಕಗಳು ಕೆಡುವ ದಾರಿಯಲ್ಲಿ. ನೌಕರನಿಗೆ ತಿಂಗಳ ಕೊನೆಗೆ ಸಂಬಳ ಬರುತ್ತದೆ, ಬೇಡವಾದರೆ ಇನ್ನೊಂದು ಕಂಪನಿ ಹುಡುಕಬಹುದು. ವಿದ್ಯಾರ್ಥಿಗೆ ಎರಡೂ ಇಲ್ಲ. ಮನೆಯವರ ದುಡ್ಡು ಖರ್ಚಾಗುತ್ತಿದೆ ಅನ್ನೋ ಭಾರ ಮಾತ್ರ ಇದೆ.

ಸಿನಿಕತನದ ಒಂದು ನಮೂನೆ ನೋಡಿ. ತುಮಕೂರು ಕಡೆಯ ಹುಡುಗ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎರಡನೇ ವರ್ಷ. ಸಿಇಟಿ ಆಪ್ಷನ್ ಎಂಟ್ರಿ ಮಾಡುವಾಗ ಅವನಿಗೆ ಮೆಕ್ಯಾನಿಕಲ್ ಬೇಕಿತ್ತು. ಮನೆಯವರು ಕಂಪ್ಯೂಟರ್ ಸೈನ್ಸ್ ಮೊದಲು ಹಾಕಿಸಿದರು, ಅದೇ ಸಿಕ್ಕಿತು. ಅವನಿಗೆ ಸುಸ್ತೇನೂ ಇಲ್ಲ. ಪಿಜಿಯಲ್ಲಿ ಹತ್ತರವರೆಗೆ ಮಲಗುತ್ತಾನೆ. ಸಂಜೆ ಕ್ರಿಕೆಟ್ ಆಡಲು ಬೇಕಾದಷ್ಟು ಶಕ್ತಿ ಇದೆ. ಮನಸ್ಸಿಟ್ಟು ಓದಿದರೆ ಪಾಸಾಗುತ್ತೇನೆ ಅಂತಲೂ ಗೊತ್ತು. ಆದರೆ ಓದುವುದು ಯಾಕೆ ಅನ್ನುವ ಪ್ರಶ್ನೆಗೆ ಅವನ ಹತ್ತಿರ ಉತ್ತರ ಇಲ್ಲ. ಲ್ಯಾಬ್ ರೆಕಾರ್ಡ್ ಗೆಳೆಯನದ್ದು ನೋಡಿ ಬರೆಯುತ್ತಾನೆ, ಅಟೆಂಡೆನ್ಸ್ ಶಾರ್ಟೇಜ್ ಆಗದಷ್ಟು ಮಾತ್ರ ಕ್ಲಾಸಿಗೆ ಹೋಗುತ್ತಾನೆ. ಅಪ್ಪ ಫೋನಿನಲ್ಲಿ ಬೈಯುತ್ತಾರೆ: "ಊಟ ತಿಂಡಿಗೆ ಕೊರತೆ ಇಲ್ಲ, ಓದೋಕೆ ಏನಪ್ಪಾ ಕಷ್ಟ ನಿಂಗೆ?" ಸೋಮಾರಿ ಅನ್ನುತ್ತಾರೆ. ಬಳಲಿಕೆ ಕಡಿಮೆ, ಸಿನಿಕತನ ಹೆಚ್ಚು, ಸಾಮರ್ಥ್ಯದ ಭಾವ ಪರವಾಗಿಲ್ಲ: ಇದು ಬರ್ನ್‌ಔಟ್ ಅಲ್ಲ, ಆದರೆ ಸೋಮಾರಿತನವೂ ಅಲ್ಲ. ಇವನಿಗೆ ವಿಶ್ರಾಂತಿ ಕೊಟ್ಟರೆ ಏನೂ ಆಗದು, ಇನ್ನಷ್ಟು ಮಲಗುತ್ತಾನೆ ಅಷ್ಟೇ. ಓದಿಗೂ ಅವನಿಗೆ ಬೇಕಾದುದಕ್ಕೂ ಒಂದು ಕೊಂಡಿ ಸಿಗಬೇಕು. ರೊಬೊಟಿಕ್ಸ್ ಪ್ರಾಜೆಕ್ಟ್ ಇರಬಹುದು, ಬ್ರಾಂಚ್ ಬದಲಿಸುವ ಅವಕಾಶ ಇದ್ದರೆ ಅದಿರಬಹುದು.

ಮೂರನೇ ಅಂಕ ಮಾತ್ರ ಕೆಡುವ ನಮೂನೆ ನೀಟ್ ಎರಡನೇ ಸಲ ಬರೆಯುವ ಮಕ್ಕಳಲ್ಲಿ ಚೆನ್ನಾಗಿ ಕಾಣುತ್ತದೆ. ಲಾಂಗ್ ಟರ್ಮ್ ಕೋಚಿಂಗ್‌ನಲ್ಲಿ ವಾರವಾರ ಟೆಸ್ಟ್, ಗೋಡೆ ಮೇಲೆ ರ‍್ಯಾಂಕ್ ಪಟ್ಟಿ. ಒಂದು ಹುಡುಗಿ ಜೂನ್‌ನಲ್ಲಿ 720ಕ್ಕೆ 410 ತೆಗೆದು ಬ್ಯಾಚಿನಲ್ಲಿ 60ನೇ ಸ್ಥಾನದಲ್ಲಿದ್ದಳು ಅಂದುಕೊಳ್ಳಿ. ಅಕ್ಟೋಬರ್‌ನಲ್ಲಿ 455 ತೆಗೆದಳು. 45 ಅಂಕ ಜಾಸ್ತಿ. ಆದರೆ ಬ್ಯಾಚಿನ ಎಲ್ಲರೂ ಅಷ್ಟೇ ಓದುತ್ತಿದ್ದಾರೆ, ಹಾಗಾಗಿ ಸ್ಥಾನ 64. ಅವಳ ಕಣ್ಣಿಗೆ ಬೀಳುವುದು 64 ಮಾತ್ರ. ನಾಲ್ಕು ತಿಂಗಳು ಓದಿ ಹಿಂದಕ್ಕೆ ಹೋದೆ ಅಂತ ತೀರ್ಮಾನಿಸುತ್ತಾಳೆ. ನಿಜವಾದ ಸಾಮರ್ಥ್ಯ ಏರಿದೆ, ಸಾಮರ್ಥ್ಯದ ಭಾವ ಇಳಿದಿದೆ. ಎಲ್ಲರೂ ಮುಂದೆ ಹೋಗುವ ಗುಂಪಿನಲ್ಲಿ ಸ್ಥಾನವನ್ನೇ ಅಳತೆಗೋಲು ಮಾಡಿಕೊಂಡರೆ, ಮುಂದೆ ಹೋಗುವುದು ಕಾಣುವುದೇ ಇಲ್ಲ.

ಇದು ಬರೀ ಮನಸ್ಸಿನ ವಿಷಯವಾಗಿ ಉಳಿಯುವುದಿಲ್ಲ. 2002ರ ಆ ಮೂರು ದೇಶಗಳ ಅಧ್ಯಯನದಲ್ಲಿ, ಯಾವ ದೇಶವಾದರೂ ಸಾಮರ್ಥ್ಯದ ಭಾವ ಹೆಚ್ಚಿದ್ದವರ ಪರೀಕ್ಷಾ ಫಲಿತಾಂಶವೂ ಚೆನ್ನಾಗಿತ್ತು. ಚೆನ್ನಾಗಿ ಪಾಸಾದದ್ದಕ್ಕೇ ಆ ಭಾವ ಬಂದಿರಬಹುದು, ನಿಜ. ಎರಡೂ ಒಂದನ್ನೊಂದು ತಳ್ಳುತ್ತವೆ ಅನ್ನುವುದು ಹೆಚ್ಚು ನಂಬಬಹುದಾದ ಮಾತು. ಆ ಹುಡುಗಿಗೆ ಉಪಯೋಗ ಆಗುವುದು "ಧೈರ್ಯವಾಗಿರು" ಅನ್ನುವ ಮಾತಲ್ಲ. ಜೂನ್‌ನ ಪೇಪರನ್ನೂ ಅಕ್ಟೋಬರ್‌ನ ಪೇಪರನ್ನೂ ಪಕ್ಕದಲ್ಲಿ ಇಟ್ಟುಕೊಂಡು, ಭೌತಶಾಸ್ತ್ರದಲ್ಲಿ ಯಾವ ಅಧ್ಯಾಯದ ಪ್ರಶ್ನೆಗಳು ಆಗ ಬರುತ್ತಿರಲಿಲ್ಲ, ಈಗ ಬರುತ್ತಿವೆ ಅಂತ ಗುರುತು ಹಾಕಿಸುವ ಒಬ್ಬ ಮೇಷ್ಟ್ರು ಬೇಕು.

ಈ ಮೂರನೇ ಅಂಕದ ಬಗ್ಗೆ ಸಂಶೋಧಕರಲ್ಲೇ ಜಗಳ ಇದೆ. ಬಳಲಿಕೆ ಮತ್ತು ಸಿನಿಕತನದ ಪ್ರಶ್ನೆಗಳು ನಕಾರದಲ್ಲಿವೆ, ಸಾಮರ್ಥ್ಯದವು ಮಾತ್ರ ಸಕಾರದಲ್ಲಿವೆ. ಮೂರನೆಯದು ಮಿಕ್ಕೆರಡರಿಂದ ಸ್ವಲ್ಪ ದೂರ ನಿಲ್ಲುವುದು ಇದರಿಂದಲೇ ಇರಬಹುದು ಅನ್ನುವ ಅನುಮಾನ ಬಂತು. 2007ರಲ್ಲಿ ಎಡ್ಗರ್ ಬ್ರೆಸೊ, ಮಾರಿಸಾ ಸಲನೋವಾ ಮತ್ತು ಶೌಫೆಲಿ ಅದೇ ವಿಷಯವನ್ನು 'ನನ್ನಿಂದ ಆಗುವುದಿಲ್ಲ' ಅನ್ನುವ ರೂಪದ ಪ್ರಶ್ನೆಗಳಾಗಿ ಕೇಳಿ ನೋಡಿದರು. ಆಗ ಅದು ಬಳಲಿಕೆ, ಸಿನಿಕತನದ ಜೊತೆ ಹೆಚ್ಚು ಹೊಂದಿಕೊಂಡಿತು. ಅದಕ್ಕೇ ಸಾಮರ್ಥ್ಯದ ಅಂಕ ಕಡಿಮೆ ಬಂದ ಕೂಡಲೇ ಹೆದರಬಾರದು, ಮಿಕ್ಕೆರಡನ್ನೂ ನೋಡಬೇಕು.

ಬರ್ನ್‌ಔಟ್ ಅಂದುಕೊಂಡದ್ದು ಬೇರೇನೋ ಆಗಿದ್ದರೆ

ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು ಖಿನ್ನತೆಯನ್ನು ಬರ್ನ್‌ಔಟ್ ಅಂದುಕೊಳ್ಳುವುದು. ಎರಡರ ನಡುವಿನ ಗೆರೆ ಅಷ್ಟು ಸ್ಪಷ್ಟ ಅಲ್ಲ. ಬರ್ನ್‌ಔಟ್ ಅನ್ನೋದು ಖಿನ್ನತೆಯದೇ ಒಂದು ರೂಪ ಅಂತ ವಾದಿಸುವ ಸಂಶೋಧಕರೂ ಇದ್ದಾರೆ. ಆದರೂ ಮನೆಯಲ್ಲಿ ಕೇಳಿಕೊಳ್ಳಬಹುದಾದ ಒಂದು ಪ್ರಶ್ನೆ ಇದೆ: ಬೇಸರ ಕೆಲಸದ ಸುತ್ತ ಮಾತ್ರ ಇದೆಯೋ, ಎಲ್ಲಾ ಕಡೆ ಹರಡಿದೆಯೋ? ಆಫೀಸಿನ ಹೆಸರೆತ್ತಿದರೆ ಸಿಡುಕುವ ಆ ಎಂಜಿನಿಯರ್, ಭಾನುವಾರ ಮಗಳ ಜೊತೆ ಲಾಲ್‌ಬಾಗಿಗೆ ಹೋದರೆ ನಗುತ್ತಾಳೆ ಅಂದರೆ ಒಂದು ಚಿತ್ರ. ಮಗಳ ಆಟವೂ, ಇಷ್ಟದ ಊಟವೂ, ಹಾಡೂ ಯಾವುದೂ ಬೇಡವಾಗಿದೆ, ಹೆಚ್ಚು ಕಡಿಮೆ ಪ್ರತಿದಿನ, ದಿನದ ಬಹುಪಾಲು, ಎರಡು ವಾರದಿಂದ ಹೀಗೇ ಇದೆ ಅಂದರೆ ಅದು ಖಿನ್ನತೆ ಅಂತ ಅನುಮಾನಿಸಿ ವೈದ್ಯರನ್ನು ಕಾಣಬೇಕಾದ ಚಿತ್ರ. ನಾನೇ ಯಾರಿಗೂ ಬೇಡ, ಬದುಕಿ ಏನು ಅನ್ನುವ ಯೋಚನೆ ಬಂದಿದ್ದರೆ ಎರಡು ವಾರ ಕಾಯುವ ಮಾತೇ ಇಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ದೇಶದ ಮಟ್ಟದ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್.

ಬಳಲಿಕೆ ಒಂದೇ ಹೆಚ್ಚಿದ್ದು, ರೋಸ್ಟರ್ ಸರಿಯಾಗಿ, ನಿದ್ದೆ ಸರಿಯಾಗಿ ವಾರಗಳು ಕಳೆದರೂ ಇಳಿಯುತ್ತಿಲ್ಲ ಅಂದರೆ ಕೆಲಸವನ್ನು ದೂರುವುದಕ್ಕೆ ಮುಂಚೆ ಮೈಯನ್ನು ಪರೀಕ್ಷೆ ಮಾಡಿಸಬೇಕು. ರಕ್ತಹೀನತೆ, ಥೈರಾಯ್ಡ್ ಕಡಿಮೆಯಾಗುವುದು, ಬಿ12 ಕೊರತೆ ಮೂರೂ ಇದೇ ತರಹದ ಸುಸ್ತು ಕೊಡುತ್ತವೆ, ಮೂರೂ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತವೆ. ಹಾಗೆ ಸುಸ್ತಾದವರಿಗೆ ಸಾಮಾನ್ಯವಾಗಿ ಭಾನುವಾರವೂ ಅಷ್ಟೇ ಸುಸ್ತಾಗಿರುತ್ತದೆ.